ಹದಿಹರೆಯದ ಮೊಡವೆ: ಬೆಳಗಿನ ಮತ್ತು ರಾತ್ರಿಯ ಆರೈಕೆ

ಹದಿಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ಎಣ್ಣೆಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ. ಜಿಡ್ಡು ಸತ್ತ ಚರ್ಮಕೋಶಗಳೊಂದಿಗೆ ಸೇರಿ ರೋಮರಂಧ್ರವನ್ನು ಮುಚ್ಚುತ್ತದೆ. ಒಳಗೆ ಬ್ಯಾಕ್ಟೀರಿಯಾ ಬೆಳೆದು ಉರಿಯೂತವಾದಾಗ ಮೊಡವೆ ಏಳುತ್ತದೆ. ಇದೆಲ್ಲ ರಂಧ್ರದ ಒಳಗೇ ನಡೆಯುವುದರಿಂದ ಮುಖವನ್ನು ಎಷ್ಟು ಉಜ್ಜಿದರೂ ಮೊಡವೆ ಹೋಗದು. ಚರ್ಮ ಕೆರಳುತ್ತದೆ, ಅಷ್ಟೆ. ಆಗೊಮ್ಮೆ ಈಗೊಮ್ಮೆ ಮೊಡವೆ ಏಳುವವರಿಗೆ ಸೌಮ್ಯವಾದ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಈ ಮೂರೇ ಆರಂಭಕ್ಕೆ ಸಾಕು.

ಬೆಳಿಗ್ಗೆ ಉಗುರುಬೆಚ್ಚಗಿನ ನೀರು, ಫೇಸ್‌ವಾಶ್ ಬಳಸಿ ಬೆರಳ ತುದಿಯಿಂದಲೇ ಮುಖ ತೊಳೆಯಬೇಕು. ಟವೆಲ್‌ನಿಂದ ಉಜ್ಜದೆ ಮೆಲ್ಲಗೆ ಒತ್ತಿ ಒರೆಸಿ, ತೆಳುವಾಗಿ ಮಾಯಿಶ್ಚರೈಸರ್ ಹಚ್ಚಬೇಕು. ಮುಖ ಜಿಡ್ಡಾಗಿದೆಯೆಂದು ಇದನ್ನು ಬಿಡಬಾರದು. ಜೆಲ್ ರೂಪದ್ದು ಹಗುರವಾಗಿರುತ್ತದೆ. ಕೊನೆಗೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಬೇಕು. ಮೊಡವೆ ವಾಸಿಯಾದ ಮೇಲೆ ಉಳಿಯುವ ಕಂದು ಕಲೆ ಬಿಸಿಲಿಗೆ ಇನ್ನಷ್ಟು ಗಾಢವಾಗುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲೆ ‘ನಾನ್-ಕಾಮೆಡೋಜೆನಿಕ್’ ಎಂದಿದೆಯೇ ನೋಡಬೇಕು. ಅಂಥದ್ದು ರಂಧ್ರ ಮುಚ್ಚುವ ಸಂಭವ ಕಡಿಮೆ. ರಾತ್ರಿ ಮುಖ ತೊಳೆದು ಮಾಯಿಶ್ಚರೈಸರ್ ಹಚ್ಚಿದರೆ ಮುಗಿಯಿತು.

ಎರಡು ವಾರ ಇದು ಒಗ್ಗಿದ ಮೇಲೆ ಔಷಧಿ ಸೇರಿಸಬಹುದು. ಶೇ. 2.5ರ ಬೆಂಜಾಯಿಲ್ ಪೆರಾಕ್ಸೈಡ್ ಜೆಲ್ ಬ್ಯಾಕ್ಟೀರಿಯಾವನ್ನು ತಗ್ಗಿಸುತ್ತದೆ. ಹಣೆಯಲ್ಲಿ ಮೊಡವೆ ಏಳುವ 15 ವರ್ಷದ ಹುಡುಗಿಯೊಬ್ಬಳು ಇದನ್ನು ಬಳಸುತ್ತಾಳೆ ಎಂದುಕೊಳ್ಳೋಣ. ರಾತ್ರಿ ಮುಖ ಪೂರ್ತಿ ಒಣಗಿದ ಮೇಲೆ ಬಟಾಣಿ ಕಾಳಿನಷ್ಟು ಜೆಲ್ ತೆಗೆದುಕೊಂಡು, ಎದ್ದ ಮೊಡವೆಗಷ್ಟೇ ಅಲ್ಲದೆ ಹಣೆಗೆಲ್ಲ ತೆಳುವಾಗಿ ಸವರಬೇಕು. ಹೊಸದು ಏಳದಂತೆ ತಡೆಯುವುದೇ ಉದ್ದೇಶ. ಮೇಲೆ ಮಾಯಿಶ್ಚರೈಸರ್. ಮೊದಲು ದಿನ ಬಿಟ್ಟು ದಿನ ಹಚ್ಚಿ, ಒಗ್ಗಿದರೆ ಪ್ರತಿ ರಾತ್ರಿ. ಜೆಲ್ ಬಣ್ಣ ತೆಗೆಯುವುದರಿಂದ ಬಿಳಿ ದಿಂಬಿನ ಚೀಲ ಒಳ್ಳೆಯದು. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿಯುತ್ತಿದ್ದರೆ ಔಷಧಿಯೊಂದೇ ಸಾಲದು. ಎಣ್ಣೆಯನ್ನು ಸ್ನಾನಕ್ಕೆ ಮುಂಚೆ ಹಚ್ಚಿ ತೊಳೆದುಬಿಡಬೇಕು.

ಸ್ವಲ್ಪ ಒಣಗುವುದು, ಸಿಪ್ಪೆ ಏಳುವುದು ಸಹಜ. ಆಗ ವಾರಕ್ಕೆರಡು ಸಲಕ್ಕೆ ಇಳಿಸಿದರೆ ಸರಿಹೋಗುತ್ತದೆ. ತೀವ್ರ ಉರಿ, ಊತ, ದದ್ದು ಕಂಡರೆ ಕೂಡಲೇ ನಿಲ್ಲಿಸಬೇಕು. ಫಲ ಕಾಣಲು 6ರಿಂದ 8 ವಾರ ಬೇಕು. ನಡುವೆ ನಿಂಬೆರಸ, ಟೂತ್‌ಪೇಸ್ಟ್ ಹಚ್ಚಿದರೆ ಚರ್ಮ ಸುಡಬಹುದು. ಮುಖ ಬೆಳ್ಳಗಾಗುತ್ತದೆಂದು ಮಾರುವ ಸ್ಟಿರಾಯ್ಡ್ ಬೆರೆತ ಕ್ರೀಮುಗಳಿಂದ ಮೊಡವೆಯೇ ಹೆಚ್ಚಬಹುದು.

12 ವಾರವಾದರೂ ಕಡಿಮೆಯಾಗದಿದ್ದರೆ, ನೋಯುವ ಗಂಟುಗಳು ಎದ್ದರೆ ಅಥವಾ ಗುಳಿ ಬೀಳತೊಡಗಿದರೆ ಮನೆಯ ಆರೈಕೆಗೆ ಅಂಟಿಕೊಳ್ಳದೆ ಚರ್ಮವೈದ್ಯರನ್ನು ಕಾಣಬೇಕು.