ಫೋಟೊದಲ್ಲಿ ಮಿಲಿಮೀಟರ್ ಇರಲ್ಲ: ಮೊಬೈಲ್ ತೊಡಿಸುವ ಕನ್ನಡಕ, ಅಂಟಿಸುವ ಗಡ್ಡವನ್ನು ಎಷ್ಟು ನಂಬಬೇಕು?

ಕನಕಗಿರಿ ಈಗ ತಾಲ್ಲೂಕು ಕೇಂದ್ರ. ಆದರೂ ನಾಲ್ಕು ಥರದ ಕನ್ನಡಕದ ಫ್ರೇಮು ಹಾಕಿ ನೋಡಬೇಕು ಅಂದ್ರೆ ಅಲ್ಲಿನ ಹುಡುಗ ಹುಡುಗಿಯರು ಗಂಗಾವತಿ ಬಸ್ಸು ಹತ್ತೋದೇ ರೂಢಿ. ಈಗ ಆ ಕೆಲಸವನ್ನು ಮೊಬೈಲ್ ಮಾಡುತ್ತೆ. ಒಂದು ಸೆಲ್ಫಿ ಕೊಟ್ಟರೆ ಸಾಕು, ನೂರು ಫ್ರೇಮುಗಳನ್ನು ಒಂದಾದ ಮೇಲೆ ಒಂದು ಮುಖಕ್ಕೆ ಕೂರಿಸಿ ತೋರಿಸುತ್ತೆ. ನೋಡೋಕೆ ಚೆನ್ನಾಗಿರುತ್ತೆ, ಆರ್ಡರ್ ಹೋಗುತ್ತೆ. ಪಾರ್ಸಲ್ ಬಂದ ಮೇಲೆ ಫ್ರೇಮು ಕಪೋಲದ ಆಚೆ ಚಾಚಿಕೊಂಡಿರುತ್ತೆ, ಇಲ್ಲವೇ ಮೂಗಿನಿಂದ ಜಾರುತ್ತಿರುತ್ತೆ. ಪವರ್ ಗ್ಲಾಸು ನಿಮ್ಮ ಕಣ್ಣಿನ ಅಳತೆಗೇ ಕೊರೆದದ್ದು, ಇನ್ನೊಬ್ಬರಿಗೆ ದಾಟಿಸೋಕೂ ಬರಲ್ಲ.

ಇಲ್ಲಿ ತಪ್ಪು ನಡೆದದ್ದು ಎಲ್ಲಿ? ಫೋಟೊದಲ್ಲಿ ಪಿಕ್ಸೆಲ್‌ಗಳಿರುತ್ತವೆ, ಮಿಲಿಮೀಟರ್ ಇರಲ್ಲ. ಕಣ್ಣು, ಮೂಗು, ದವಡೆ ಎಲ್ಲಿವೆ ಅಂತ ಸಾಫ್ಟ್‌ವೇರ್ ಸಲೀಸಾಗಿ ಹುಡುಕುತ್ತೆ. ಗೂಗಲ್‌ನ ಮೀಡಿಯಾಪೈಪ್ ಮುಖದ ಮೇಲೆ 468 ಬಿಂದುಗಳನ್ನು ಗುರುತಿಸಬಲ್ಲದು. ಆದರೆ ಆ ಮುಖ ಎಷ್ಟು ಅಗಲ ಅನ್ನೋದು ಚಿತ್ರದಲ್ಲಿ ಬರೆದಿರಲ್ಲ. ಹತ್ತಿರದಿಂದ ತೆಗೆದ ಸಣ್ಣ ಮುಖ, ದೂರದಿಂದ ತೆಗೆದ ದೊಡ್ಡ ಮುಖ ಎರಡೂ ಒಂದೇ ಗಾತ್ರದಲ್ಲಿ ಕಾಣಬಹುದು. ಹಾಗಾಗಿ ಎಲ್ಲಿಂದಲಾದರೂ ಒಂದು ಅಳತೆಪಟ್ಟಿ ತರಲೇಬೇಕು. ತೀರಾ ಅಗ್ಗದ ಅಳತೆಪಟ್ಟಿ ಅಂದ್ರೆ ಸರಾಸರಿ. ವಯಸ್ಕರ ಎರಡು ಪಾಪೆಗಳ ನಡುವಿನ ದೂರ ಸರಾಸರಿ 63 ಮಿ.ಮೀ. ಆಸುಪಾಸು. ಎಲ್ಲರಿಗೂ ಅಷ್ಟೇ ಅಂತ ಹಿಡಿದರೆ ಲೆಕ್ಕ ಮುಗಿಯಿತು.

ಮುಗಿಯಲ್ಲ. ಒಂದು ಉದಾಹರಣೆ ನೋಡೋಣ. ನಿಮ್ಮ ಪಾಪೆಗಳ ನಡುವಿನ ದೂರ 58 ಮಿ.ಮೀ., ಮುಖದ ಅಗಲ 132 ಮಿ.ಮೀ. ಅಂದುಕೊಳ್ಳಿ. ನೀವು ಆರಿಸಿದ ಫ್ರೇಮು 138 ಮಿ.ಮೀ. ಅಗಲ. ಸೆಲ್ಫಿಯಲ್ಲಿ ನಿಮ್ಮ ಪಾಪೆಗಳ ನಡುವೆ 250 ಪಿಕ್ಸೆಲ್ ಇದೆ. ಅದನ್ನು 63 ಮಿ.ಮೀ. ಅಂತ ನಂಬಿದ ಆ್ಯಪ್ ಫ್ರೇಮನ್ನು ಸುಮಾರು 548 ಪಿಕ್ಸೆಲ್ ಅಗಲಕ್ಕೆ ಬಿಡಿಸುತ್ತೆ. ನಿಜವಾಗಿ ಬಿಡಿಸಬೇಕಿದ್ದದ್ದು 595. ಅಂದ್ರೆ ತೆರೆಯ ಮೇಲೆ ನೀವು ನೋಡಿದ್ದು 127 ಮಿ.ಮೀ. ಫ್ರೇಮಿನ ಚಂದ, ಮುಖದೊಳಗೆ ನೀಟಾಗಿ ಕೂತದ್ದು. ಮನೆಗೆ ಬಂದದ್ದು ಎರಡೂ ಬದಿ ಮೂರು ಮೂರು ಮಿ.ಮೀ. ಆಚೆ ಚಾಚುವ ಫ್ರೇಮು. ಚಿತ್ರದ ಬೆಳಕು, ನೆರಳು, ಹೊಳಪು ಎಷ್ಟೇ ನೈಜವಾಗಿದ್ದರೂ ಈ ಸುಳ್ಳು ಕಾಣಲ್ಲ, ಹೊಳಪು ಹೆಚ್ಚಿದಷ್ಟೂ ಇನ್ನೂ ಚೆನ್ನಾಗಿ ಮುಚ್ಚಿಹೋಗುತ್ತೆ. ಸರಾಸರಿಗೆ ಹತ್ತಿರ ಇರೋರಿಗೆ ಆ್ಯಪ್ 'ಸರಿಯಾಗಿ' ಕೆಲಸ ಮಾಡುತ್ತೆ. ಸಣ್ಣ ಮುಖದವರು, ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ದಂಡ ಕಟ್ಟುತ್ತಾರೆ.

ಇದಕ್ಕಿಂತ ಒಳ್ಳೆಯ ಅಳತೆಪಟ್ಟಿ ನಮ್ಮ ಕಣ್ಣಲ್ಲೇ ಇದೆ. ಪಾಪೆಯ ಸುತ್ತಲಿನ ಕಪ್ಪು-ಕಂದು ವೃತ್ತದ ಅಡ್ಡಗಲ ಬಹುತೇಕ ಎಲ್ಲರಲ್ಲೂ ಸುಮಾರು 11.7 ಮಿ.ಮೀ., ಅರ್ಧ ಮಿ.ಮೀ. ಆಚೀಚೆ. ಆದರೆ ಆ ಅರ್ಧ ಮಿ.ಮೀ. ಅಂದ್ರೇನೇ ಶೇ. 4. ಅಂದ್ರೆ 138ರ ಫ್ರೇಮಿನಲ್ಲಿ ಐದಾರು ಮಿ.ಮೀ. ವ್ಯತ್ಯಾಸ. ಮೇಲಾಗಿ ಮೇಲಿನ ಸೆಲ್ಫಿಯಲ್ಲಿ ಆ ವೃತ್ತ ಇರೋದೇ 50 ಪಿಕ್ಸೆಲ್. ಮಂಕು ಬೆಳಕಲ್ಲಿ ಎರಡೂ ಅಂಚಲ್ಲಿ ಒಂದೊಂದು ಪಿಕ್ಸೆಲ್ ತಪ್ಪಿದರೆ ಇನ್ನೊಂದು ಶೇ. 4 ಹೋಯಿತು. ಹಾಗಾಗಿ ಕೆಲವು ಕಡೆ ಹಣೆಗೆ ಎಟಿಎಂ ಕಾರ್ಡ್ ಹಿಡಿದು ಫೋಟೊ ತೆಗೀರಿ ಅಂತಾರೆ. ಕಾರ್ಡಿನ ಅಗಲ ಎಲ್ಲ ಬ್ಯಾಂಕಿನದ್ದೂ 85.6 ಮಿ.ಮೀ. ಉಪಾಯ ಒಳ್ಳೆಯದೇ. ಆದರೆ ಕಾರ್ಡು ಕಣ್ಣಿಗಿಂತ ಎರಡು ಸೆಂ.ಮೀ. ಮುಂದಿದ್ದು, ಮೊಬೈಲ್ 30 ಸೆಂ.ಮೀ. ದೂರದಲ್ಲಿದ್ದರೆ, ಕಾರ್ಡು ಇರೋದಕ್ಕಿಂತ ಶೇ. 7ರಷ್ಟು ದೊಡ್ಡದಾಗಿ ಕಾಣುತ್ತೆ. ಪಾಪೆಗಳ ದೂರ ಅಷ್ಟೇ ಕಡಿಮೆ ಬರುತ್ತೆ, 62 ಇದ್ದದ್ದು 58 ಆಗುತ್ತೆ. ಹೆಚ್ಚು ಪವರ್ ಇರುವವರಿಗೆ ಗ್ಲಾಸಿನ ನಡುಬಿಂದು ಇಷ್ಟು ತಪ್ಪಿದರೆ ಕಣ್ಣು ಎಳೆದಂತಾಗಿ ತಲೆ ನೋಯುತ್ತೆ. ಪವರ್ ಗ್ಲಾಸಿಗೆ ಬೇಕಾದ ಈ ಅಳತೆಯನ್ನು ಕಣ್ಣು ಪರೀಕ್ಷೆ ಮಾಡುವಲ್ಲೇ ಬರೆಸಿಕೊಳ್ಳೋದು ಉತ್ತಮ. ಕೇಳದಿದ್ದರೆ ಎಷ್ಟೋ ಕಡೆ ಚೀಟಿಯಲ್ಲಿ ಬರೆಯೋದೇ ಇಲ್ಲ.

ಸೆಲ್ಫಿಯದ್ದೇ ಇನ್ನೊಂದು ತಕರಾರು ಇದೆ. 30 ಸೆಂ.ಮೀ. ದೂರದ ಸೆಲ್ಫಿಯಲ್ಲಿ ಮೂಗು, ಒಂದೂವರೆ ಮೀಟರ್ ದೂರದ ಫೋಟೊಗಿಂತ ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತೆ ಅಂತ ಅಮೆರಿಕದ ಸಂಶೋಧಕರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಮೂಗು ಉಬ್ಬಿ, ಕಿವಿಗಳು ಹಿಂದೆ ಸರಿದು, ಮುಖ ಕಿರಿದಾದ ಚಿತ್ರಕ್ಕೆ ಫ್ರೇಮು ತೊಡಿಸಿದರೆ ನಾವು ನೋಡೋದು ಬೇರೆಯೇ ಒಂದು ಮುಖ. ಗೆಳೆಯರ ಕೈಗೆ ಫೋನ್ ಕೊಟ್ಟು ಒಂದೂವರೆ ಮೀಟರ್ ದೂರದಿಂದ, ಕಣ್ಣಿನ ಮಟ್ಟದಲ್ಲಿ ತೆಗೆಸಿ, ಆಮೇಲೆ ಕತ್ತರಿಸಿಕೊಂಡರೆ ಇದು ಬಹುಮಟ್ಟಿಗೆ ಸರಿಹೋಗುತ್ತೆ.

ಸರಿಹೋಗದ್ದು ಪವರ್. ಸಾಮಾನ್ಯವಾಗಿ ಈ ಆ್ಯಪ್‌ಗಳು ತೊಡಿಸೋದು ಸಾದಾ ಗಾಜು. ಮೈನಸ್ 6 ಇರೋರ ಕಣ್ಣು ನಿಜವಾದ ಗ್ಲಾಸಿನ ಹಿಂದೆ ಶೇ. 7–8ರಷ್ಟು ಸಣ್ಣದಾಗಿ ಕಾಣುತ್ತೆ, ಕಪೋಲದ ಗೆರೆ ಗ್ಲಾಸಿನೊಳಗೆ ಮುರಿದು ಒಳಗೆ ಸರಿಯುತ್ತೆ, ಅಂಚು ದಪ್ಪಗಾಗುತ್ತೆ. ಫ್ರೇಮು ದೊಡ್ಡದಾದಷ್ಟೂ ಆ ದಪ್ಪ ಜಾಸ್ತಿ. ಕನ್ನಡಕ ಇಲ್ಲದೆ ನಡೆಯೋದೇ ಇಲ್ಲ ಅನ್ನೋರಿಗೇ ಈ ಚಿತ್ರ ಹೆಚ್ಚು ಸುಳ್ಳು ಹೇಳುತ್ತೆ.

ಆ್ಯಪ್ ಎಷ್ಟು ನಂಬಿಕಸ್ಥ ಅಂತ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಹಳೆ ಕನ್ನಡಕದ ಕಡ್ಡಿಯ ಒಳಬದಿಯಲ್ಲಿ `52□18-140` ಅಂತ ಇರುತ್ತೆ. ಒಂದು ಗ್ಲಾಸು 52, ಮೂಗಿನ ಸೇತುವೆ 18, ಕಡ್ಡಿಯ ಉದ್ದ 140 ಮಿ.ಮೀ. ಅದೇ ಅಳತೆಯ ಫ್ರೇಮನ್ನು ಆ್ಯಪ್‌ನಲ್ಲಿ ತೊಟ್ಟು, ಹಳೆಯದನ್ನು ಹಾಕಿ ತೆಗೆಸಿದ ಫೋಟೊ ಪಕ್ಕ ಇಡಿ. ಎರಡರಲ್ಲೂ ಫ್ರೇಮು ಕಪೋಲದ ಅಂಚಿಗೆ ಒಂದೇ ಕಡೆ ಮುಟ್ಟದಿದ್ದರೆ ಆ್ಯಪ್ ನಿಮ್ಮನ್ನು ಅಳೆದಿಲ್ಲ. ಮೂಗಿನ ಎತ್ತರ ಮಾತ್ರ ಎದುರಿನ ಫೋಟೊದಲ್ಲಿ ತಿಳಿಯೋದೇ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಬೆವರಿದಾಗ ಫ್ರೇಮು ಜಾರುತ್ತೋ ಇಲ್ಲವೋ ಅನ್ನೋದು ಹಾಕಿ ನೋಡಿದ ಮೇಲಷ್ಟೇ ಗೊತ್ತಾಗೋದು.

ಗಡ್ಡ-ಮೀಸೆಯ ಕಥೆ ಬೇರೆ. ಕನ್ನಡಕ ಎಲ್ಲೋ ಒಂದು ಗೋಡೌನಿನಲ್ಲಿ ಇರುವ ವಸ್ತು, ಅಳತೆ ಸಿಕ್ಕರೆ ಚಿತ್ರವನ್ನು ತಿದ್ದಬಹುದು. ನಿಮ್ಮ ಗಡ್ಡ ಇನ್ನೂ ಹುಟ್ಟಿಲ್ಲ. ಕೆನ್ನೆಯ ಯಾವ ಜಾಗದಲ್ಲಿ ಕೂದಲ ಬೇರು ಇದೆ, ಎಲ್ಲಿ ಬೋಳು, ಯಾವ ದಿಕ್ಕಿಗೆ ಬೆಳೆಯುತ್ತೆ ಅನ್ನೋದು ನುಣ್ಣಗೆ ಬೋಳಿಸಿದ ಮುಖದ ಫೋಟೊದಲ್ಲಿ ಇರಲ್ಲ. ಆ್ಯಪ್ ತೋರಿಸೋದು ಬೇರೆಯವರ ಗಡ್ಡ.

ತೆಗೆಯೋದು ಅಂಟಿಸೋದಕ್ಕಿಂತ ಕಷ್ಟ. ಮೀಸೆ ಅಳಿಸಬೇಕು ಅಂದ್ರೆ ಅದರಡಿಯ ತುಟಿಯನ್ನು ಹೊಸದಾಗಿ ಕಲ್ಪಿಸಬೇಕು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದಾಗ ಬಂದ ಫೋಟೊಗಳನ್ನು ನೆನಪಿಸಿಕೊಳ್ಳಿ. ಆ ಹೆಸರುವಾಸಿ ಮೀಸೆಯನ್ನು ಕತ್ತರಿಸಲಾಗಿತ್ತು, 'ಇವನೇ ವೀರಪ್ಪನ್ನಾ?' ಅಂತ ಜನ ಅನುಮಾನಪಟ್ಟರು. ವರ್ಷಗಟ್ಟಲೆ ಅವರು ನೋಡಿದ್ದ ಫೋಟೊಗಳಲ್ಲಿ ಮೀಸೆಯ ಕೆಳಗಿನ ಮುಖ ಇರಲೇ ಇಲ್ಲ. ಮೀಸೆ ತೆಗೆದು ತೋರಿಸುವ ಯಾವ ಚಿತ್ರವೂ, ಪೊಲೀಸರು ಮಾಡಿದರೂ ಆ್ಯಪ್ ಮಾಡಿದರೂ, ಅಷ್ಟರಮಟ್ಟಿಗೆ ಊಹೆ.

ಈಚಿನ ಆ್ಯಪ್‌ಗಳು ಗಡ್ಡವನ್ನು ಅಂಟಿಸಲ್ಲ, ಇಡೀ ಮುಖವನ್ನೇ ತಿರುಗಿ ಬರೆಯುತ್ತವೆ. ಅದಕ್ಕೇ ಅಷ್ಟು ನೈಜ. ಅಪಾಯ ಇರೋದೂ ಅಲ್ಲೇ. 2017ರಲ್ಲಿ ಫೇಸ್‌ಆ್ಯಪ್‌ನ 'ಹಾಟ್' ಅನ್ನೋ ಫಿಲ್ಟರ್ ಜನರ ಮೈಬಣ್ಣವನ್ನೇ ಬಿಳಿಚಿಸಿತ್ತು. ಕಂಪನಿ ಕ್ಷಮೆ ಕೇಳಿ, ಆ್ಯಪ್‌ಗೆ ಕಲಿಸಲು ಬಳಸಿದ ಫೋಟೊಗಳಲ್ಲಿದ್ದ ಪಕ್ಷಪಾತವೇ ಕಾರಣ ಅಂತ ಒಪ್ಪಿಕೊಂಡಿತು. ಗಡ್ಡ ಕೇಳಿದವರಿಗೂ ದವಡೆ ಚೂಪಾಗಿ, ಚರ್ಮ ನುಣುಪಾಗಿ ಬರೋದುಂಟು. ಚೆಂದ ಕಂಡದ್ದು ಗಡ್ಡದಿಂದಲೇ ಅಂತ ನಾವು ನಂಬಿಬಿಡ್ತೀವಿ. ಪತ್ತೆ ಹಚ್ಚೋದು ಸುಲಭ. ಮೂಲ ಫೋಟೊ ಪಕ್ಕ ಇಟ್ಟು ಹಣೆ, ಕಿವಿ, ಕಣ್ಣಿನ ಕೆಳಗಿನ ಚರ್ಮ ಮಾತ್ರ ಹೋಲಿಸಿ. ಅಲ್ಲಿ ಗಡ್ಡ ಬೆಳೆಯಲ್ಲ, ಏನೂ ಬದಲಾಗಿರಬಾರದು.