ಕುಗ್ಗಿದ ಸ್ವೆಟರ್‌ನ ಫೋಟೋದಲ್ಲಿ ಏನು ನೋಡಬೇಕು?

ವಾಷಿಂಗ್ ಮಷೀನಿನಿಂದ ಹೊರಬಂದ ಉಣ್ಣೆಯ ಸ್ವೆಟರ್ ಎಷ್ಟು ಚಿಕ್ಕದಾಗಿದೆ ಎಂಬುದೇ ಎಲ್ಲರ ಕಣ್ಣಿಗೆ ಮೊದಲು ಬೀಳುತ್ತದೆ. ಹ್ಯಾಂಗರಿಗೆ ನೇತುಹಾಕಿ ಫೋಟೋ ತೆಗೆದು, "ಇದು ಸರಿಹೋಗುತ್ತದಾ?" ಎಂದು ಕಳಿಸುತ್ತಾರೆ. ಆದರೆ ಅಂಥ ಫೋಟೋದಿಂದ ಏನೂ ಹೇಳಲಾಗದು. ಎಷ್ಟು ಕುಗ್ಗಿದೆ ಎನ್ನುವುದಕ್ಕಿಂತ ಯಾಕೆ ಕುಗ್ಗಿದೆ ಎನ್ನುವುದು ಮುಖ್ಯ, ಆ ಕಾರಣ ಕಾಣುವುದು ಬಟ್ಟೆಯ ಮೈಯಲ್ಲಿ.

ಉಣ್ಣೆ ಕುಗ್ಗುವುದು ಎರಡು ಬಗೆ. ಕಾರ್ಖಾನೆಯಲ್ಲಿ ಹೆಣೆಯುವಾಗ, ಇಸ್ತ್ರಿ ಮಾಡುವಾಗ ಬಟ್ಟೆಯನ್ನು ಎಳೆದು ಹಿಡಿದಿರುತ್ತಾರೆ. ನೀರು ಸೋಕಿದ ಕೂಡಲೇ ಆ ಬಿಗಿ ಕಳಚಿ ಕುಣಿಕೆಗಳು ಒತ್ತೊತ್ತಾಗಿ ಕೂರುತ್ತವೆ. ಇಲ್ಲಿ ನೂಲಿಗೆ ಏನೂ ಆಗಿರುವುದಿಲ್ಲ, ಒದ್ದೆ ಮಾಡಿ ಎಳೆದರೆ ಕುಣಿಕೆ ಮತ್ತೆ ಹಿಗ್ಗುತ್ತದೆ. ಎರಡನೆಯದು ಗಂಟುಬೀಳುವ ಕುಗ್ಗುವಿಕೆ. ಉಣ್ಣೆಯ ಎಳೆಯ ಮೇಲೆ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸಣ್ಣ ಪೊರೆಗಳಿವೆ. ಬಿಸಿನೀರು, ಸೋಪು, ಜೊತೆಗೆ ಮಷೀನಿನ ಕುಲುಕಾಟ ಸೇರಿದರೆ ಎಳೆಗಳು ಒಂದೇ ದಿಕ್ಕಿಗೆ ಸರಿಯುತ್ತಾ ಹೋಗುತ್ತವೆ. ಪೊರೆಗಳು ಪಕ್ಕದ ಎಳೆಗೆ ಸಿಕ್ಕಿಕೊಳ್ಳುವುದರಿಂದ ಹಿಂದಕ್ಕೆ ಬರಲಾರವು. ಪೂರ್ತಿ ಹೀಗಾದ ಬಟ್ಟೆಯನ್ನು ಯಾವ ಕಂಡಿಷನರೂ ಬಿಡಿಸದು.

ಹಾಗಾಗಿ ಫೋಟೋದಲ್ಲಿ ಹುಡುಕಬೇಕಾದದ್ದು ಕುಣಿಕೆ. ಸಾದಾ ಹೆಣಿಗೆಯಲ್ಲಿ ಸಾಲುಸಾಲಾಗಿ ವಿ ಆಕಾರ ಕಾಣಬೇಕು. ಅವು ಬಿಡಿಬಿಡಿಯಾಗಿ ಕಂಡರೆ ಆಸೆ ಇದೆ. ಮಸುಕಾಗಿದ್ದು ಮೇಲೆಲ್ಲ ಜುಂಗು ಎದ್ದಿದ್ದರೆ ಅರ್ಧ ಆಸೆ. ಕುಣಿಕೆಯೇ ಇಲ್ಲದೆ ದಪ್ಪ ಜಮಖಾನದಂತೆ ಕಂಡರೆ, ಹೊಲಿಗೆಯ ಪಕ್ಕ ಬಟ್ಟೆ ಸುಕ್ಕುಗಟ್ಟಿದ್ದರೆ ಅಲ್ಲಿಗೆ ಮುಗಿಯಿತು. ಹೊಲಿದ ದಾರ ಸಾಮಾನ್ಯವಾಗಿ ಉಣ್ಣೆಯಷ್ಟು ಕುಗ್ಗುವುದಿಲ್ಲ, ಅದಕ್ಕೇ ಆ ಸುಕ್ಕು.

ಕ್ಯಾಮೆರಾ ಸುಳ್ಳು ಹೇಳುವುದೂ ಉಂಟು. ಫ್ಲ್ಯಾಶ್ ಬೆಳಕು ನೆರಳನ್ನೆಲ್ಲ ಅಳಿಸಿ ಚೆನ್ನಾಗಿರುವ ಹೆಣಿಗೆಯನ್ನೂ ನುಣ್ಣಗೆ ತೋರಿಸುತ್ತದೆ. ಕಪ್ಪು, ಕಡುನೀಲಿ ಬಣ್ಣದಲ್ಲಂತೂ ಏನೂ ಕಾಣದು. ಕಿಟಕಿಯ ಪಕ್ಕದಲ್ಲಿ, ಬೆಳಕು ಓರೆಯಾಗಿ ಬೀಳುವ ಕಡೆ, ಒಣಗಿದ ಸ್ವೆಟರನ್ನು ಮಂಚದ ಮೇಲೆ ಹರಡಿ ತೆಗೆದ ಫೋಟೋ ಬೇಕು. ಲೇಬಲ್ಲಿನದೂ ಒಂದು ಬೇಕು. ನಮ್ಮಲ್ಲಿ ಉಣ್ಣೆ ಎಂದು ಕೊಳ್ಳುವ ಎಷ್ಟೋ ಸ್ವೆಟರುಗಳು ಅಕ್ರಿಲಿಕ್, ಅವುಗಳಿಗೆ ಈ ಲೆಕ್ಕವೇ ಬೇರೆ.

ಇಂಗ್ಲೆಂಡಿನಲ್ಲಿ ಓದುತ್ತಿರುವ ಗೆಳತಿಯ ಮಗನೊಬ್ಬ ಬೂದುಬಣ್ಣದ ಮೆರಿನೊ ಸ್ವೆಟರಿನ ಫೋಟೋ ಕಳಿಸಿದ್ದ. ಎದೆಯ ಭಾಗದಲ್ಲಿ ಕುಣಿಕೆಗಳು ಸ್ಪಷ್ಟವಾಗಿದ್ದವು. "ಕಂಕುಳಿನದು ಹತ್ತಿರದಿಂದ ತೆಗೆದು ಕಳಿಸಪ್ಪ" ಎಂದೆ. ಬೆವರು, ತಿಕ್ಕಾಟ ಹೆಚ್ಚಿರುವ ಕಂಕುಳು, ತೋಳಿನ ತುದಿಗಳೇ ಮೊದಲು ಗಂಟಾಗುವುದು. ಅಲ್ಲಿ ಸ್ವಲ್ಪ ಜುಂಗು ಕಂಡಿತು. ಆಮೇಲೆ ಟೇಪ್ ಇಟ್ಟು ಅಳೆಸಿದೆ. ಹರಡಿದಾಗ ಎದೆಯ ಅಗಲ 46 ಸೆಂಟಿಮೀಟರ್, ಉದ್ದ 56. ಅವನಿಗೆ ಸರಿಹೊಂದುವ ಇನ್ನೊಂದು ಸ್ವೆಟರಿನ ಅಗಲ 52, ಉದ್ದ 64. ಅಂದರೆ ಹೆಚ್ಚುಕಡಿಮೆ ಎಂಟರಲ್ಲೊಂದು ಪಾಲು ಹೋಗಿತ್ತು.

ಕೊನೆಯದಾಗಿ ಕೇಳಿದ್ದು ಜೋಡಿ ಫೋಟೋ. ಎದೆಯ ಮೇಲೆ 10 ಸೆಂಟಿಮೀಟರ್ ಅಂತರದಲ್ಲಿ ಎರಡು ಪಿನ್ ಚುಚ್ಚಿ, ಮೊದಲು ಸುಮ್ಮನೆ, ಮತ್ತೆ ಮೆಲ್ಲಗೆ ಎಳೆದು ಹಿಡಿದು ತೆಗೆಯುವುದು. ನನ್ನ ಪ್ರಕಾರ ಬೇರೆಲ್ಲ ಫೋಟೋಗಳಿಗಿಂತ ಇದಕ್ಕೇ ಬೆಲೆ. ಗಂಟಾದ ಬಟ್ಟೆ ಒಂಚೂರೂ ಬಗ್ಗದು. ಇವನದು ಎದೆಯಲ್ಲಿ 12ಕ್ಕೆ ಹಿಗ್ಗಿತು, ಕಂಕುಳ ಹತ್ತಿರ 11ಕ್ಕೆ ನಿಂತಿತು. ಸರಿಹೋಗುತ್ತದೆ, ಕಂಕುಳು ಮಾತ್ರ ಸ್ವಲ್ಪ ಬಿಗಿಯಾಗೇ ಉಳಿಯುತ್ತದೆ ಎಂದು ಹೇಳಿದೆ.

ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಹೇರ್ ಕಂಡಿಷನರ್ ಕದಡಿ ಅರ್ಧ ಗಂಟೆ ನೆನೆಸಿದ. ಕಂಡಿಷನರ್ ಎಳೆಗಳನ್ನು ಜಾರುವಂತೆ ಮಾಡುತ್ತದೆ, ಅಷ್ಟೇ ಅದರ ಕೆಲಸ. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಒಣ ಟವೆಲಿನ ಮೇಲೆ ಹರಡಿ, ಅಗಲಕ್ಕೊಮ್ಮೆ ಉದ್ದಕ್ಕೊಮ್ಮೆ ಸ್ವಲ್ಪಸ್ವಲ್ಪವೇ ಎಳೆದ. ಉದ್ದಕ್ಕೇ ಎಳೆದರೆ ಅಗಲ ಕಿರಿದಾಗುತ್ತದೆ. ಅಂಚಿಗೆ ಪಿನ್ ಹಾಕಿ ನೆರಳಲ್ಲಿ ಒಣಗಿಸಿದ ಮೇಲೆ ಅಗಲ 51, ಉದ್ದ 62 ಆಯಿತು.

ಹೀಗೆ ಎಳೆದು ಕೊಟ್ಟ ಆಕಾರ ನಿಲ್ಲುವುದು ಮುಂದಿನ ಒಗೆತದ ತನಕ. ನೀರು ಬಿದ್ದರೆ ಸ್ವೆಟರ್ ಮತ್ತೆ ಒಂದಿಷ್ಟು ಕುಗ್ಗುತ್ತದೆ. ಆದ್ದರಿಂದ ಅಳತೆಯನ್ನು ಬರೆದಿಟ್ಟುಕೊಳ್ಳಿ, ಇನ್ನು ಮುಂದೆ ತಣ್ಣೀರಿನಲ್ಲಿ ಕೈಯಿಂದಲೇ ಒಗೆಯಿರಿ, ಪ್ರತಿ ಸಲವೂ ಆ ಅಳತೆಗೆ ಹರಡಿಯೇ ಒಣಗಿಸಿ.