1,200 ಚದರ ಅಡಿ ಫ್ಲ್ಯಾಟಿನಲ್ಲಿ ನಿಮ್ಮ ಪಾಲಿಗೆ ಬರೋದೆಷ್ಟು?

ಕಳೆದ ತಿಂಗಳು ತಂಗಿ ಫೋನ್ ಮಾಡಿದ್ದಳು. "ಅಕ್ಕಾ, ಸರ್ಜಾಪುರ ರಸ್ತೆ ಕಡೆ ಎರಡು ಫ್ಲ್ಯಾಟ್ ನೋಡಿದೀವಿ. ಒಂದು ಅಡಿಗೆ 7,500, ಇನ್ನೊಂದು 8,000. ಕಡಿಮೆ ರೇಟಿಂದೇ ಬುಕ್ ಮಾಡೋಣ ಅಂತಿದೀವಿ" ಅಂದಳು.

ಎರಡೂ ಟೂ ಬಿಎಚ್‌ಕೆ. ಮೊದಲನೆಯದು 1,200 ಚದರ ಅಡಿ, ಬೆಲೆ 90 ಲಕ್ಷ. ಎರಡನೆಯದು 1,120 ಚದರ ಅಡಿ, 89 ಲಕ್ಷ 60 ಸಾವಿರ. ಹೆಚ್ಚುಕಡಿಮೆ ಅದೇ ದುಡ್ಡಿಗೆ 80 ಅಡಿ ಜಾಸ್ತಿ ಸಿಗುವಾಗ ಯಾರಾದರೂ ಮೊದಲನೆಯದನ್ನೇ ಆರಿಸುತ್ತಾರೆ. ನಾನು ಕೇಳಿದ್ದು ಒಂದೇ: "ಕಾರ್ಪೆಟ್ ಏರಿಯಾ ಎಷ್ಟು?" ಅವಳು ಕೇಳಿರಲಿಲ್ಲ.

ಕಾರ್ಪೆಟ್ ಏರಿಯಾ ಅಂದರೆ ಬಾಗಿಲು ಹಾಕಿಕೊಂಡ ಮೇಲೆ ಒಳಗೆ ನಿಮಗೆ ಬಳಸೋಕೆ ಸಿಗುವ ಜಾಗ. 2016ರ ರೇರಾ ಕಾಯ್ದೆ ಇದಕ್ಕೆ ಸ್ಪಷ್ಟ ಅರ್ಥ ಕೊಟ್ಟಿದೆ. ಕೋಣೆಗಳ ನಡುವಿನ ಒಳಗೋಡೆಗಳು ಲೆಕ್ಕಕ್ಕೆ ಸೇರುತ್ತವೆ. ಹೊರಗೋಡೆ, ಪೈಪುಗಳು ಹೋಗುವ ಶಾಫ್ಟ್, ನಿಮ್ಮದೇ ಬಾಲ್ಕನಿ, ತೆರೆದ ತಾರಸಿ ಸೇರೋದಿಲ್ಲ. ಈ ಕಾರ್ಪೆಟ್‌ಗೆ ಹೊರಗೋಡೆ, ಬಾಲ್ಕನಿ ಕೂಡಿಸಿದರೆ ಬಿಲ್ಟ್ ಅಪ್ ಏರಿಯಾ. ಅದರ ಮೇಲೆ ಲಿಫ್ಟು, ಮೆಟ್ಟಿಲು, ಕಾರಿಡಾರ್, ಲಾಬಿ, ಕ್ಲಬ್‌ಹೌಸ್ ಮುಂತಾದವುಗಳಲ್ಲಿ ನಿಮ್ಮ ಪಾಲು ಅಂತ ಒಂದಿಷ್ಟು ಸೇರಿಸಿದರೆ ಸೂಪರ್ ಬಿಲ್ಟ್ ಅಪ್. ಈ ಕೊನೆಯದಕ್ಕೆ ಕಾಯ್ದೆಯಲ್ಲಿ ವ್ಯಾಖ್ಯೆಯೇ ಇಲ್ಲ. ಹಾಗಾಗಿ ಏನೇನು ಸೇರಿಸಬೇಕು ಅನ್ನೋದು ಒಬ್ಬೊಬ್ಬ ಬಿಲ್ಡರ್‌ಗೆ ಒಂದೊಂದು ಥರ. ಜಾಹೀರಾತಿನ 1,200, 1,120 ಎರಡೂ ಇದೇ ಅಳತೆ.

ತಂಗಿ ಎರಡೂ ಕಡೆ ವಿಚಾರಿಸಿದಳು. ಮೊದಲನೆಯದರ ಕಾರ್ಪೆಟ್ 830 ಅಂದರು, ಎರಡನೆಯದು 812. ಈಗಲೂ ಮೊದಲನೆಯದೇ ಅಗ್ಗ: 90 ಲಕ್ಷವನ್ನು 830ರಿಂದ ಭಾಗಿಸಿದರೆ ಅಡಿಗೆ 10,843 ರೂಪಾಯಿ, ಎರಡನೆಯದು 11,034. "ನೋಡಿದ್ಯಾ, ನಾನು ಹೇಳಿದ್ದೇ ಸರಿ" ಅಂತ ಮೆಸೇಜ್ ಬಂತು.

ಬಾಯಿಮಾತು ಬಿಟ್ಟು ದಾಖಲೆ ನೋಡು ಅಂದೆ. ಪ್ರಾಜೆಕ್ಟಿನ ರೇರಾ ನೋಂದಣಿ ಸಂಖ್ಯೆ ಹಿಡಿದು rera.karnataka.gov.in ನಲ್ಲಿ ಹುಡುಕಿದರೆ ಫ್ಲ್ಯಾಟುಗಳ ಕಾರ್ಪೆಟ್ ಏರಿಯಾ ಸಿಗುತ್ತೆ. ಅಳತೆ ಚದರ ಮೀಟರಿನಲ್ಲಿದ್ದರೆ 10.764ರಿಂದ ಗುಣಿಸಿ. ಮೊದಲನೆಯ ಫ್ಲ್ಯಾಟಿಗೆ ಅಲ್ಲಿ ಇದ್ದದ್ದು 72.46 ಚದರ ಮೀಟರ್, ಅಂದರೆ 780 ಅಡಿ. ಹಾಗಾದರೆ ಉಳಿದ 50 ಅಡಿ ಎಲ್ಲಿ ಹೋಯ್ತು? ಬಾಲ್ಕನಿ! ಸೇಲ್ಸ್‌ನವರು ಅದನ್ನೂ ಕಾರ್ಪೆಟ್‌ಗೇ ಸೇರಿಸಿ ಹೇಳಿದ್ದರು. ಎರಡನೆಯದರ 812 ಮಾತ್ರ ಬಾಲ್ಕನಿ ಬಿಟ್ಟೇ ಇತ್ತು.

ಈಗ ಲೆಕ್ಕ ತಿರುಗಿಬಿತ್ತು. 90 ಲಕ್ಷಕ್ಕೆ 780 ಅಂದರೆ ಅಡಿಗೆ 11,538 ರೂಪಾಯಿ. 7,500ರ ಫ್ಲ್ಯಾಟೇ 8,000ದ್ದಕ್ಕಿಂತ ಅಡಿಗೆ ಸುಮಾರು 500 ರೂಪಾಯಿ ದುಬಾರಿ. ಎರಡನೆಯದರ ದರದಲ್ಲೇ ಆ 780 ಅಡಿ ಕೊಂಡಿದ್ದರೆ 86 ಲಕ್ಷ ಚಿಲ್ಲರೆ ಸಾಕಿತ್ತು. ವ್ಯತ್ಯಾಸ ಹತ್ತಿರ ಹತ್ತಿರ ನಾಲ್ಕು ಲಕ್ಷ.

ಬಿಲ್ಡರ್ ಆಫೀಸಿನಲ್ಲಿ "ನಮ್ಮಲ್ಲಿ ಲೋಡಿಂಗ್ ಬರೀ 35 ಪರ್ಸೆಂಟ್" ಅಂತಲೂ ಹೇಳಿದ್ದರಂತೆ. ಸುಳ್ಳಲ್ಲ, ಆದರೆ ಯಾವುದರ ಮೇಲೆ 35? ಕಾರ್ಪೆಟ್‌ಗೂ ಸೂಪರ್ ಬಿಲ್ಟ್ ಅಪ್‌ಗೂ ಇರುವ ಅಂತರ 420 ಅಡಿ. ಅದು 1,200ರಲ್ಲಿ 35 ಪರ್ಸೆಂಟ್. ನೀವು ಬಳಸುವ 780ರ ಮೇಲೆ ಲೆಕ್ಕ ಹಾಕಿದರೆ ಸುಮಾರು 54 ಪರ್ಸೆಂಟ್. ಎರಡನೆಯ ಫ್ಲ್ಯಾಟಿಗೆ ಇದೇ ರೀತಿ ಹಾಕಿದರೆ 38. ಪರ್ಸೆಂಟ್ ಹೇಳಿದವರನ್ನು ಚದರ ಅಡಿ ಎಷ್ಟು ಅಂತ ಕೇಳಿಬಿಡಿ, ಗೊಂದಲವೇ ಇರಲ್ಲ.

ಹಾಗಂತ ಲೋಡಿಂಗ್ ಎಲ್ಲಾ ಮೋಸ ಅಂತಲ್ಲ. ಎರಡು ಲಿಫ್ಟು, ಅಗಲವಾದ ಕಾರಿಡಾರ್ ಬೇಕು ಅಂದರೆ ಅದರ ಖರ್ಚು ಯಾರಾದರೂ ಕೊಡಲೇಬೇಕು. ಬಾಲ್ಕನಿಯೂ ದಂಡವಲ್ಲ, ಬಟ್ಟೆ ಒಣಗಿಸೋದು ಅಲ್ಲೇ ತಾನೇ. ಹೋಲಿಸುವಾಗ ಮಾತ್ರ ಎರಡೂ ಕಡೆ ಒಂದೇ ಅಳತೆ ಇರಬೇಕು.

ಇನ್ನೊಂದು ಖರ್ಚು ಬುಕಿಂಗ್ ದಿನ ಯಾರಿಗೂ ನೆನಪಾಗಲ್ಲ. ಮೇಂಟೆನೆನ್ಸ್ ಅನ್ನು ಬಹಳಷ್ಟು ಕಡೆ ಸೂಪರ್ ಬಿಲ್ಟ್ ಅಪ್ ಮೇಲೇ ಹಾಕುತ್ತಾರೆ. ಅಡಿಗೆ 4 ರೂಪಾಯಿ ಅಂದುಕೊಂಡರೂ ಮೊದಲನೆಯದಕ್ಕೆ ತಿಂಗಳಿಗೆ 4,800, ಎರಡನೆಯದಕ್ಕೆ 4,480. ಒಳಗಿನ ಜಾಗ ಕಡಿಮೆ ಇರುವ ಮನೆಗೇ ಪ್ರತಿ ತಿಂಗಳೂ ಹೆಚ್ಚು.

ಕಟ್ಟಿ ಮುಗಿದ ಫ್ಲ್ಯಾಟಾದರೆ ಟೇಪು ಹಿಡಿದೇ ಹೋಗಿ. ಆದರೆ ಕೋಣೆಗಳ ಉದ್ದಗಲ ಗುಣಿಸಿ ಕೂಡಿಸಿದರೆ ಕಾರ್ಪೆಟ್‌ಗಿಂತ ಸ್ವಲ್ಪ ಕಡಿಮೆಯೇ ಬರುತ್ತೆ, ಒಳಗೋಡೆಗಳ ದಪ್ಪ ಅದರಲ್ಲಿ ಇರೋದಿಲ್ಲವಲ್ಲ. ಆ ಗೋಡೆಗಳನ್ನೂ ಸೇರಿಸಿ ನೋಡಿದ ಮೇಲೆ ಜಗಳಕ್ಕೆ ಇಳಿಯಿರಿ.

ತಂಗಿ ಎರಡನೆಯದಕ್ಕೇ ಅಡ್ವಾನ್ಸ್ ಕೊಟ್ಟಳು. ಸೇಲ್ ಅಗ್ರಿಮೆಂಟಿನ ಕರಡು ಬಂದಾಗ ಕಾರ್ಪೆಟ್ 812, ಬಾಲ್ಕನಿ ಬೇರೆ ಸಾಲಿನಲ್ಲಿ ಅಂತ ಇದೆಯಾ ನೋಡಿಕೊಂಡೇ ಸಹಿ ಮಾಡ್ತೀನಿ ಅಂದಿದ್ದಾಳೆ. ಗೃಹಪ್ರವೇಶಕ್ಕೆ ಇನ್ನೂ ಒಂದೂವರೆ ವರ್ಷ ಇದೆ.